ಪ್ರಬಂಧ ತಿದ್ದಿಕೊಡುವ ಸೇವೆ: ಒಂಬತ್ತು ತಿಂಗಳ ಬಳಕೆಯ ನಂತರ

ಹದಿನೆಂಟು ವರ್ಷಗಳ ಬಳಿಕ ಮತ್ತೆ ಇಂಗ್ಲಿಷ್ ಪರೀಕ್ಷೆಗೆ, ಅಂದರೆ ಐಇಎಲ್‌ಟಿಎಸ್‌ಗೆ, ಕೂರಬೇಕಾಗಿ ಬಂದಾಗ, ಶಿಕ್ಷಕರೇ ಓದಿ ವಾರಕ್ಕೊಂದು ಪ್ರಬಂಧವನ್ನು ತಿದ್ದಿಕೊಡುವ ಆನ್‌ಲೈನ್ ಸೇವೆಯೊಂದಕ್ಕೆ ಚಂದಾದಾರನಾದೆ. ಇಲ್ಲಿ ಬರವಣಿಗೆಯ ಎರಡನೆಯ ಪ್ರಶ್ನೆಯ ಬಗ್ಗೆ ಮಾತ್ರ ಬರೆಯುತ್ತೇನೆ. ನನ್ನ ಧೈರ್ಯ ಕುಸಿದದ್ದೂ ಮರಳಿದ್ದೂ ಅಲ್ಲಿಯೇ.

ಆ ಪ್ರಶ್ನೆಗೆ ಕನಿಷ್ಠ 250 ಪದಗಳ ಪ್ರಬಂಧ ಬರೆಯಬೇಕು, ಅದಕ್ಕೆ ಸುಮಾರು 40 ನಿಮಿಷ ಇಟ್ಟುಕೊಳ್ಳಬೇಕು. ನನ್ನ ಮೊದಲ ಪ್ರಯತ್ನ 160 ಪದಗಳಿಗೇ ನಿಂತಿತು. ಇಂಗ್ಲಿಷ್ ಪೂರ್ತಿ ಮರೆತುಹೋಗಿದೆ ಎಂದೇ ತಿಳಿದಿದ್ದೆ. ಆದರೆ ಕೈಬರಹದ ಹಾಳೆಯ ಚಿತ್ರವನ್ನು ನೋಡಿದ ಶಿಕ್ಷಕಿ, ಪ್ರತಿ ವಾಕ್ಯವನ್ನೂ ಎರಡು ಮೂರು ಸಲ ಹೊಡೆದುಹಾಕಿ ಬರೆದಿರುವುದನ್ನು ತೋರಿಸಿ, ಕೊರತೆ ಇರುವುದು ಭಾಷೆಯಲ್ಲಲ್ಲ, ತಪ್ಪಾದೀತೆಂಬ ಅಂಜಿಕೆಯಲ್ಲಿ ಸಮಯ ಕಳೆಯುವುದರಲ್ಲಿ ಎಂದರು. ಐದು ವಾರ ಪೂರ್ಣ ಪ್ರಬಂಧವನ್ನೇ ನಿಲ್ಲಿಸಿ, ದಿನಕ್ಕೊಂದು ಪ್ಯಾರಾವನ್ನು ಹತ್ತು ನಿಮಿಷದಲ್ಲಿ, ಒಂದು ಪದವನ್ನೂ ಹೊಡೆದುಹಾಕದೆ ಬರೆಸಿದರು. ಆರನೆಯ ವಾರ ಐದು ನಿಮಿಷ ಯೋಚನೆಗೆ, ಐದು ನಿಮಿಷ ಕೊನೆಯ ಪರಿಶೀಲನೆಗೆ ಎಂದು ತೆಗೆದಿಟ್ಟೂ 262 ಪದ ಬರೆದೆ. ಆ ದಿನದ ಸಮಾಧಾನವನ್ನು ಇಂದಿಗೂ ನೆನೆಯುತ್ತೇನೆ.

ತಿದ್ದಿದ ಪ್ರತಿಯನ್ನು ಬಳಸುವ ಬಗೆಯನ್ನು ಮಾತ್ರ ನಾನು ತಡವಾಗಿ ಕಲಿತೆ. ಮೊದಲ ಎರಡು ತಿಂಗಳು ಕೆಂಪು ಗುರುತುಗಳನ್ನು ಓದಿ, ಅರ್ಥವಾಯಿತೆಂದು ಮುಚ್ಚಿಡುತ್ತಿದ್ದೆ. ಮುಂದಿನ ಪ್ರಬಂಧದಲ್ಲಿ ಅದೇ ತಪ್ಪು ಮತ್ತೆ ಇಣುಕುತ್ತಿತ್ತು. ‘ಅಡ್ವೈಸ್’ ಎಂಬ ಪದಕ್ಕೆ ಮೊದಲು ‘ಆ್ಯನ್’ ಸೇರಿಸುವುದನ್ನು ನಾಲ್ಕು ಸಲ ತಿದ್ದಿಸಿಕೊಂಡಿದ್ದೇನೆ. ‘ಒಂದು ಸಲಹೆ’ ಎನ್ನುವುದು ಕನ್ನಡದಲ್ಲಿ ಸಹಜ, ಆದರೆ ಇಂಗ್ಲಿಷಿನಲ್ಲಿ ಆ ಪದವನ್ನು ಎಣಿಸುವುದಿಲ್ಲ. ಬಳಿಕ ನೋಟ್‌ಬುಕ್ಕಿನ ಎಡಪುಟದಲ್ಲಿ ನನ್ನ ತಪ್ಪು ವಾಕ್ಯವನ್ನಷ್ಟೇ ಬರೆದು, ಉತ್ತರವನ್ನು ಹಿಂಬದಿಯಲ್ಲಿಟ್ಟು, ಮೂರು ದಿನದ ಬಳಿಕ ಒಮ್ಮೆ, ಹತ್ತು ದಿನದ ಬಳಿಕ ಮತ್ತೊಮ್ಮೆ ಉತ್ತರ ನೋಡದೆ ತಿದ್ದತೊಡಗಿದೆ. ವಾಕ್ಯ ನೋಟ್‌ಬುಕ್ಕಿನಲ್ಲಿ ಸರಿಯಾದರೆ ಸಾಲದು. ಹೊಸ ವಿಷಯದ ಮೇಲಿನ ಎರಡು ಪ್ರಬಂಧಗಳಲ್ಲಿ ಆ ತಪ್ಪು ಕಾಣದಿದ್ದಾಗಲೇ ಅದನ್ನು ಹೊಡೆದುಹಾಕುತ್ತಿದ್ದೆ.

ಸೇವೆಯಲ್ಲಿ ಕೊರತೆಗಳೂ ಇವೆ. ಒಮ್ಮೆ ಬೇರೆ ಶಿಕ್ಷಕರು ತಿದ್ದಿದಾಗ ಅದೇ ಮಟ್ಟದ ಪ್ರಬಂಧಕ್ಕೆ ಅರ್ಧ ಬ್ಯಾಂಡ್ ಕಡಿಮೆ ಬಂತು, ಆದ್ದರಿಂದ ಅವರ ಅಂದಾಜು ಅಂಕವನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ಜೊತೆಗೆ ಕೊಡುವ ಸಿದ್ಧ ಪೀಠಿಕೆಗಳನ್ನಂತೂ ಬಾಯಿಪಾಠ ಮಾಡಬೇಡಿ: ಪ್ರಶ್ನೆಗೆ ಹೊಂದದ ಕಂಠಪಾಠದ ಸಾಲುಗಳನ್ನು ಪರೀಕ್ಷಕರು ಸುಲಭವಾಗಿ ಗುರುತಿಸುತ್ತಾರೆ. ಮಾತನಾಡುವ ಪರೀಕ್ಷೆಗೆ ಇದರಿಂದ ಏನೂ ಸಿಗದು. ಹೊಸದಾಗಿ ಸೇರುವವರು ವರ್ಷದ ಚಂದಾ ಕಟ್ಟದೆ ಮೊದಲು ಒಂದೇ ತಿಂಗಳು ತೆಗೆದುಕೊಂಡು, ಒಬ್ಬರೇ ಶಿಕ್ಷಕರು ಸತತವಾಗಿ ತಿದ್ದುತ್ತಾರೆಯೇ ಎಂಬುದನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಒಳಿತು.