ಪರ್ಸೆಂಟ್ ಕೂಡಿಸಿ ಯಾಮಾರಿದೆ, ಈಗ ಮಿಲಿಗ್ರಾಂ ಲೆಕ್ಕ

ಬಿಪಿ ನೋಡಿದ ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದರು. ದಿನಕ್ಕೆ ಎಷ್ಟು ತಿನ್ನುತ್ತಿದ್ದೇನೆ ಅಂತ ಎರಡು ಥರ ಲೆಕ್ಕ ಇಟ್ಟೆ. ಮೊದಲು ಪೊಟ್ಟಣದ ಹಿಂದಿರುವ ಆರ್‌ಡಿಎ ಪರ್ಸೆಂಟ್, ಅಂದರೆ ದಿನದ ಮಿತಿಯಲ್ಲಿ ಎಷ್ಟು ಪಾಲು ಅನ್ನುವುದನ್ನು ಕೂಡಿಸಿದೆ, ಆಮೇಲೆ ಉಪ್ಪಿನಲ್ಲಿರುವ ಸೋಡಿಯಂ ಮಿಲಿಗ್ರಾಂ ಕೂಡಿಸಿದೆ. ಈಗ ಮಿಲಿಗ್ರಾಂ ಬಿಟ್ಟು ಬೇರೆ ನೋಡುವುದಿಲ್ಲ.

ಪರ್ಸೆಂಟ್ ಯಾಮಾರಿಸಿದ್ದು ಮಿಕ್ಸ್ಚರ್ ಪೊಟ್ಟಣದಲ್ಲಿ. ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋದಾಗ ತಂದಿದ್ದು, 150 ಗ್ರಾಂ. ಹಿಂದೆ ಸೋಡಿಯಂ 12% ಅಂತಿತ್ತು. ಸಂಜೆ ಕಾಫಿ ಜೊತೆ ಅರ್ಧ ಪೊಟ್ಟಣ ಖಾಲಿ ಮಾಡಿ, ಡೈರಿಯಲ್ಲಿ 12 ಅಂತ ಬರೆದೆ. ನನ್ನಾಕೆ ಕನ್ನಡಕ ಹಾಕಿಕೊಂಡು ಓದಿ, “ರೀ, ಇದು 30 ಗ್ರಾಂಗೆ ಕಣ್ರೀ” ಅಂದಳು. ತೂಗಿ ನೋಡಿದರೆ 30 ಗ್ರಾಂ ಅಂದರೆ ಒಂದು ಸಣ್ಣ ಬಟ್ಟಲು ಅಷ್ಟೇ. ನಾನು ತಿಂದಿದ್ದು 75 ಗ್ರಾಂ. ಅಂದರೆ 12 ಅಲ್ಲ, 30%. ನಮ್ಮಲ್ಲಿ ಪರ್ಸೆಂಟ್ ಹಾಕುವುದು ಕಂಪನಿ ಹೇಳಿದ ಒಂದು ಸರ್ವಿಂಗಿಗೆ. ನಮ್ಮ ಕೈಯಳತೆ ಅವರಿಗೇನು ಗೊತ್ತು?

ಮಿಲಿಗ್ರಾಂ ಆದರೆ 100 ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಇದರಲ್ಲಿ 800 ಇತ್ತು. 75 ಗ್ರಾಂಗೆ 600. ಮುಗೀತು.

ಅಮೆರಿಕದಿಂದ ಅಣ್ಣನ ಮಗ ತಂದ ಸೂಪ್ ಪೊಟ್ಟಣ ಇನ್ನೊಂದು ಕಿರಿಕಿರಿ. ಅಲ್ಲಿ ದಿನದ ಮಿತಿ 2300 ಮಿಲಿಗ್ರಾಂ, ನಮ್ಮ ಲೇಬಲ್ಲಿಗೆ 2000. 460 ಮಿಲಿಗ್ರಾಂ ಅಲ್ಲಿ 20%, ಇಲ್ಲಿ 23%. ಎರಡನ್ನೂ ಕೂಡಿಸಿದರೆ ಸೇರನ್ನೂ ಕೆಜಿಯನ್ನೂ ಕೂಡಿಸಿದ ಹಾಗೆ.

ಮೊಬೈಲ್ ಆ್ಯಪ್ ಕೂಡ ನೋಡಿದೆ. ನಮ್ಮನೆ ಅಕ್ಕಿರೊಟ್ಟಿಗೆ ಎಷ್ಟು ಉಪ್ಪು ಅಂತ ಅದಕ್ಕೆ ಹೇಗೆ ತಿಳಿಯಬೇಕು, ಅಲ್ವಾ?

ಅಡುಗೆಮನೆಯ ಉಪ್ಪಿಗೆ ಲೇಬಲ್ಲೇ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಉಪ್ಪಿನ ಡಬ್ಬ ತೂಗಿದೆ, ಭಾನುವಾರದಿಂದ ಭಾನುವಾರಕ್ಕೆ. 168 ಗ್ರಾಂ ಕಮ್ಮಿ ಆಗಿತ್ತು. ನಾವು ನಾಲ್ಕು ಜನ, ಏಳು ದಿನ. ಒಬ್ಬರಿಗೆ ದಿನಕ್ಕೆ 6 ಗ್ರಾಂ. ಒಂದು ಗ್ರಾಂ ಉಪ್ಪಲ್ಲಿ ಸುಮಾರು 390 ಮಿಲಿಗ್ರಾಂ ಸೋಡಿಯಂ. ಸಾರು, ಪಲ್ಯ, ರೊಟ್ಟಿಯಲ್ಲೇ 2340! ಒಂದೂ ಪೊಟ್ಟಣ ಒಡೆಯದೆ ಮಿತಿ ದಾಟಿತ್ತು. ಪರ್ಸೆಂಟ್ ಡೈರಿ ಇದನ್ನು ಒಂದು ದಿನವೂ ತೋರಿಸಿರಲಿಲ್ಲ. ಈ ಲೆಕ್ಕವೂ ಪೂರ್ತಿ ಸರಿ ಅಲ್ಲ. ಚೆಲ್ಲಿದ ಸಾರಿನ ಉಪ್ಪು ಇದರಲ್ಲಿ ಸೇರಿದೆ, ಹಾಲು ಸೊಪ್ಪಿನಲ್ಲೇ ಇರುವ ಸೋಡಿಯಂ ಸೇರಿಲ್ಲ.

ಖರ್ಚು ಒಂದು ಅಡುಗೆ ತಕ್ಕಡಿ ಮಾತ್ರ. ಸುಮ್ನೆ ಅಂಗಡಿಯಲ್ಲಿ ನಿಂತು ಒಂದೇ ಪೊಟ್ಟಣ ನೋಡುವವರಿಗೆ ಪರ್ಸೆಂಟ್ ಸಾಕು, ಸರ್ವಿಂಗ್ ಗ್ರಾಂ ಓದಿದರೆ.

ಮುಂದಿನ ವಾರ ಮೊಸರನ್ನಕ್ಕೆ ಮೇಲುಪ್ಪು ಬಿಟ್ಟೆವು, ಸಾರಿಗೂ ಕೈ ಹಿಡಿದೆವು. ಡಬ್ಬ 126 ಗ್ರಾಂ ಇಳಿಯಿತು. ತಲೆಗೆ 1755 ಮಿಲಿಗ್ರಾಂ. 2000ಕ್ಕೆ ಉಳಿದದ್ದು 245. ಅಂದರೆ ಮಿಕ್ಸ್ಚರ್ ಒಂದು ಸಣ್ಣ ಬಟ್ಟಲು, ಅವರು ಬರೆದ ಅದೇ 30 ಗ್ರಾಂ.