ಇಳಕಲ್ ಸೀರೆ ಅಂತ ಕೊಂಡೆ, ಬಂದದ್ದು ಪ್ರಿಂಟ್! ಗಿರಾಕಿಗಳ ಫೋಟೋ ನಂಬಬೇಡಿ

ಮೊದಲೇ ಹೇಳ್ತೀನಿ, ನಗಬೇಡಿ. ನಮ್ಮೂರಿಂದ ಇಳಕಲ್‌ಗೆ ಬಸ್ಸಿನಲ್ಲಿ ಒಂದು ತಾಸು. ಅಂಥ ಊರಿನವಳು ನಾನು, ಬೆಂಗಳೂರಲ್ಲಿ ಕೂತು ಫೋನಿನಲ್ಲಿ ಇಳಕಲ್ ಸೀರೆ ಆರ್ಡರ್ ಮಾಡಿದೆ. 1,899 ರೂಪಾಯಿ. ತಂಗಿಯ ಕುಬಸಕ್ಕೆ ಅಂತ.

ಮಾರುವವರು ಹಾಕಿದ ಫೋಟೋ ನಾನು ನಂಬುವವಳಲ್ಲ. ಮಾಡೆಲ್, ಲೈಟು, ಅದೆಲ್ಲ ಗೊತ್ತಿದ್ದದ್ದೇ ಅಲ್ವಾ? ಅದಕ್ಕೇ ಕೆಳಗೆ ಗಿರಾಕಿಗಳು ಹಾಕಿದ ಫೋಟೋ ನೋಡಿದೆ. ನಲವತ್ತಕ್ಕೂ ಜಾಸ್ತಿ ಇದ್ದವು. ಮಂಚದ ಮೇಲೆ ಹಾಸಿದ ಸೀರೆ, ಬಾಗಿಲಿಗೆ ನೇತು ಹಾಕಿದ ಸೀರೆ, ಕೈಯಲ್ಲಿ ಹಿಡಿದ ಸೆರಗು. ಸ್ವಲ್ಪ ಮಸುಕು, ಸ್ವಲ್ಪ ಸೊಟ್ಟ. ನಮ್ಮ ನಿಮ್ಮ ಮನೆಯಲ್ಲಿ ತೆಗೆದ ಹಾಗೇ. ಆ ಮಸುಕನ್ನೇ ನಾನು ನಂಬಿದೆ. ಹೆಸರಿನ ಪಕ್ಕ 'ಖರೀದಿಸಿದವರು' ಅನ್ನೋ ಗುರುತು ಬೇರೆ.

ಪೊಟ್ಟಣ ಬಂದಾಗ ಬಿಚ್ಚಲಿಲ್ಲ. ಉಡುಗೊರೆ ಅಂತ ಹಾಗೇ ಊರಿಗೆ ಒಯ್ದೆ. ಎಲ್ಲರ ಮುಂದೆ ಬಿಚ್ಚಿದ್ದಾಯ್ತು. ದೊಡ್ಡವ್ವ ಸೆರಗು ತಿರುವಿ ನೋಡಿದಳು. "ಯವ್ವಾ, ಇದ್ರಾಗ ಕೊಂಡಿನ ಇಲ್ಲಲ್ಲ?" ಅಂದಳು.

ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆ ಕೊಂಡಿ ಹಾಕಿ ಸೇರಿಸಿರ್ತಾರೆ. ಎರಡೂ ಕೂಡುವ ಕಡೆ ಬೆರಳು ಆಡಿಸಿದರೆ ಆ ಸಾಲು ಗೊತ್ತಾಗುತ್ತೆ. ಇದರಲ್ಲಿ ಜಾರುವ ಪಾಲಿಯೆಸ್ಟರ್ ಮೇಲೆ ಟೋಪ್ ತೆನಿ ಅನ್ನೋ ಕೆಂಪು ಬಿಳಿ ತೆನೆ ಸಾಲಿನ ಸೆರಗನ್ನ ಪ್ರಿಂಟ್ ಹೊಡೆದಿದ್ದರು. ತಿರುವಿದರೆ ಹಿಂದುಗಡೆ ಬಣ್ಣವೇ ಪೇಲವ. ಕೂತವರೆಲ್ಲ ಸುಮ್ಮನಾದರು. ನನ್ನ ಮುಖ ಎಲ್ಲಿಡಲಿ?

ರಾತ್ರಿ ನಿದ್ದೆ ಬರಲಿಲ್ಲ. ಮತ್ತೆ ಆ ಫೋಟೋಗಳನ್ನ ದೊಡ್ಡದು ಮಾಡಿ ಮಾಡಿ ನೋಡಿದೆ. ಒಬ್ಬಳು ವಿಜಯಪುರದವಳಂತೆ, ಇನ್ನೊಬ್ಬಳು ಕೊಯಮತ್ತೂರಿನವಳಂತೆ. ಇಬ್ಬರ ಮಂಚದ ಮೇಲೂ ಅದೇ ನವಿಲಿನ ಬೆಡ್‌ಶೀಟ್! ಒಂದರಲ್ಲಿ ಫೋಟೋ ಎಡಬಲ ತಿರುವಿ ಹಾಕಿದ್ದಾರೆ ಅಷ್ಟೇ. ಗೋಡೆಯ ಕ್ಯಾಲೆಂಡರಿನ ಅಂಕಿಗಳು ಉಲ್ಟಾ ಇದ್ದವು. ಉಲ್ಟಾ! ಮೊದಲು ನನ್ನ ಕಣ್ಣಿಗೆ ಏನಾಗಿತ್ತು?

ಕೈಯಲ್ಲಿ ಹಿಡಿದ ಸೆರಗಿನ ಫೋಟೋ ಅಂತೂ ಕ್ಯಾಮೆರಾದಲ್ಲಿ ತೆಗೆದದ್ದೇ ಅಲ್ಲ, ಎಐನಲ್ಲಿ ಮಾಡಿದ್ದು ಅಂತ ನನ್ನ ಅನುಮಾನ. ಕೆಂಪಿನ ಮೇಲೆ ಬಿಳಿ ತೆನೆಗಳು ಹಣಿಗೆ ಹಲ್ಲಿನ ಹಾಗೆ ಸಾಲಾಗಿ ಬರಬೇಕು. ಅದರಲ್ಲಿ ನಾಲ್ಕು ತೆನೆ ಸರಿಯಾಗಿವೆ, ಐದನೆಯದು ಪಕ್ಕದ್ದರೊಳಗೆ ಕರಗಿ ಹೋಗಿದೆ. ಮಡಿಕೆಯ ಆಚೆ ಅಂಚು ಬೇರೆಯೇ ಅಗಲ. ಮಗ್ಗದ ಮೇಲೆ ಹಾಗೆ ನೇಯಲಿಕ್ಕೆ ಆಗಲ್ಲ. ಗೂಗಲ್ ಲೆನ್ಸ್‌ಗೆ ಹಾಕಿದೆ. ಬೆಡ್‌ಶೀಟಿನ ಫೋಟೋ ಇನ್ನೆರಡು ಅಂಗಡಿಗಳ ಪುಟದಲ್ಲಿ ಸಿಕ್ಕಿತು. ಈ ಸೆರಗಿನದ್ದು ಎಲ್ಲೂ ಸಿಗಲಿಲ್ಲ. ಹೊಸದಾಗಿ ಹುಟ್ಟಿಸಿದ ಚಿತ್ರ ಹುಡುಕಿದರೆ ಎಲ್ಲಿಂದ ಸಿಗಬೇಕು?

ಚಾಟ್‌ನಲ್ಲಿ ಮಾರಿದವರನ್ನ ಕೇಳಿದೆ. ಉತ್ತರ: "ಮೇಡಂ, ಲೈಟಿಂಗ್‌ನಿಂದ ಬಣ್ಣ ಸ್ವಲ್ಪ ಬೇರೆ ಕಾಣಬಹುದು." ಬಣ್ಣ ಅಲ್ಲಪ್ಪಾ, ನೇಯ್ಗೆನೇ ಇಲ್ಲ ಅಂದೆ. "ಆ ಫೋಟೋ ನಾವು ಹಾಕಿಲ್ಲ ಮೇಡಂ, ಕಸ್ಟಮರ್ ಹಾಕಿದ್ದು. ನಮ್ಮ ವಿವರದಲ್ಲಿ ಇಳಕಲ್ ಸ್ಟೈಲ್ ಅಂತ ಇದೆ." ಹೋಗಿ ನೋಡಿದೆ. ಇತ್ತು. 'ಸ್ಟೈಲ್' ಅಂತ ಸಣ್ಣಕ್ಕೆ ಇತ್ತು. ಸುಳ್ಳು ಹೇಳೋ ಕೆಲಸ ಫೋಟೋಗಳಿಗೆ ಬಿಟ್ಟು ಇವರು ಕೈ ತೊಳೆದುಕೊಂಡಿದ್ದಾರೆ.

ಪೊಟ್ಟಣದಲ್ಲಿ ಒಂದು ಕಾರ್ಡ್ ಇತ್ತು. ಫೋಟೋ ಸಮೇತ 5 ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ 100 ರೂಪಾಯಿ. ಆ ನಂಬರಿಗೆ ಬೇಕಂತಲೇ ವಾಟ್ಸಾಪ್ ಮಾಡಿದೆ, "ನನಗೆ ಫೋಟೋ ಚೆನ್ನಾಗಿ ತೆಗೆಯೋಕೆ ಬರಲ್ಲ" ಅಂತ. "ಪರವಾಗಿಲ್ಲ ಮೇಡಂ, ನಾವೇ ಕಳಿಸ್ತೇವೆ, ಅಪ್‌ಲೋಡ್ ಮಾಡಿ ಸಾಕು." ಮೂರು ಫೋಟೋ ಬಂದವು. ಎರಡನೆಯದು ಅದೇ ನವಿಲಿನ ಬೆಡ್‌ಶೀಟ್. 'ಖರೀದಿಸಿದವರು' ಗುರುತಿಗೆ ಇರೋ ಬೆಲೆ ಇಷ್ಟೇ ನೋಡಿ. ಕೊಂಡದ್ದು ನಿಜ, ಫೋಟೋ ಮಾತ್ರ ಅವರದ್ದಲ್ಲ.

ಸೈಟಿನವರಿಗೆ ಹೇಳಿದರೆ, 7 ದಿನದ ರಿಟರ್ನ್ ಮುಗಿದಿದೆ ಅಂದರು. ಸೀರೆಯ ಹಿಂದುಗಡೆಯ ಫೋಟೋ, ಆ ಕಾರ್ಡಿನ ಫೋಟೋ ಹಾಕಿ ಒಂದು ಸ್ಟಾರ್ ಕೊಟ್ಟೆ. "ನಿಯಮಕ್ಕೆ ಹೊಂದುವುದಿಲ್ಲ" ಅಂತ ತೆಗೆದರು. ನವಿಲು ಮಾತ್ರ ನಿಯಮಕ್ಕೆ ಹೊಂದುತ್ತೆ! ಹಣ ಕೊಟ್ಟು ಬರೆಸಿದ ರಿವ್ಯೂ ಹಾಕಬಾರದು ಅಂತ 2022ರಲ್ಲೇ ಬಿಐಎಸ್ ಅನ್ನೋ ಕೇಂದ್ರದ ಮಾನಕ ಸಂಸ್ಥೆ ಐಎಸ್ 19000 ಅನ್ನೋ ಮಾನದಂಡ ತಂದಿದೆ. ಆದರೆ ಅದನ್ನ ತಂದಾಗ ಕಡ್ಡಾಯ ಮಾಡಲಿಲ್ಲ.

ನೀವು ಇಷ್ಟು ಮಾಡಿ. ಫೋಟೋದಲ್ಲಿ ಸೀರೆ ನೋಡಬೇಡಿ, ಸುತ್ತಮುತ್ತ ನೋಡಿ. ನೆಲ, ಗೋಡೆ, ಬೆಡ್‌ಶೀಟ್. ಒಂದು ಸ್ಟಾರ್ ಕೊಟ್ಟವರ ಫೋಟೋ ಮೊದಲು ತೆಗೆದು ನೋಡಿ. ಪೊಟ್ಟಣವನ್ನ ಬಂದ ದಿನವೇ, ವಿಡಿಯೋ ಮಾಡ್ತಾ ಬಿಚ್ಚಿ. ಉಡುಗೊರೆಯಾದರೂ ಬಿಚ್ಚಿ! ಆ 100 ರೂಪಾಯಿ ಆಸೆಗೆ ಅವರ ಫೋಟೋ ಹಾಕಬೇಡಿ. ನನ್ನಂಥವಳು ಅದನ್ನೇ ನಂಬಿ ಕೊಳ್ಳೋದು.

1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಟ್ಟಿದ್ದೀನಿ. ವಾಟ್ಸಾಪ್ ಮಾತುಕತೆಯನ್ನೂ ಕಳಿಸಿದ್ದೀನಿ. ದೂರಿನ ನಂಬರ್ ಬಂದಿದೆ, ದುಡ್ಡು ಬಂದಿಲ್ಲ. ಇವತ್ತು ಬೆಳಿಗ್ಗೆ ಆ ಪುಟ ಮತ್ತೆ ತೆಗೆದೆ. ಇನ್ನೂ ಐದು ಹೊಸ ಫೋಟೋ ಸೇರಿವೆ.