ಒಂದೇ ಕಂಪನಿ, ಮೂರು ಬೀಟಾ: ದಿನ, ವಾರ, ತಿಂಗಳ ರಿಗ್ರೆಷನ್‌ಗಳ ಹೋಲಿಕೆ

ಕಂಪನಿಯೊಂದರ ಷೇರುದಾರರು ತಮ್ಮ ಹಣಕ್ಕೆ ವರ್ಷಕ್ಕೆ ಎಷ್ಟು ಪ್ರತಿಫಲ ನಿರೀಕ್ಷಿಸುತ್ತಾರೆ ಎಂಬುದನ್ನು ಅಂದಾಜು ಮಾಡಲು ಮೌಲ್ಯಮಾಪನದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸಿಎಪಿಎಂ, ಅಂದರೆ ಕ್ಯಾಪಿಟಲ್ ಅಸೆಟ್ ಪ್ರೈಸಿಂಗ್ ಮಾಡೆಲ್. ವಿಲಿಯಂ ಶಾರ್ಪ್ 1964ರಲ್ಲಿ ಪ್ರಕಟಿಸಿದ ಲೇಖನದಿಂದ ಪ್ರಸಿದ್ಧವಾದ ಈ ಮಾದರಿಯ ಸೂತ್ರ ಒಂದೇ ಸಾಲಿನದು.

```
Ke = Rf + β × (Rm − Rf)
```

ಇದರಲ್ಲಿ Ke ಷೇರುದಾರರು ನಿರೀಕ್ಷಿಸುವ ಪ್ರತಿಫಲ, ಅಂದರೆ ಕಂಪನಿಯ ಈಕ್ವಿಟಿ ವೆಚ್ಚ, Rf ಅಪಾಯರಹಿತ ದರ, Rm − Rf ಮಾರುಕಟ್ಟೆಯ ರಿಸ್ಕ್ ಪ್ರೀಮಿಯಂ, β ಎಂಬುದು ಮಾರುಕಟ್ಟೆ ಶೇಕಡ 1ರಷ್ಟು ಅಲುಗಾಡಿದಾಗ ನಮ್ಮ ಷೇರು ಸರಾಸರಿ ಎಷ್ಟು ಅಲುಗಾಡುತ್ತದೆ ಎಂಬುದರ ಅಳತೆ. ಮೊದಲ ಎರಡರ ಬಗ್ಗೆ ವಾದಗಳಿದ್ದರೂ ಅವು ಎಲ್ಲ ಕಂಪನಿಗಳಿಗೂ ಸಮಾನ. ಕಂಪನಿಗೆಂದೇ ಇರುವ ಸಂಖ್ಯೆ ಬೀಟಾ ಒಂದೇ, ಮತ್ತು ಅದನ್ನು ರಿಗ್ರೆಷನ್‌ನಿಂದ ತೆಗೆಯುವವರು ದಿನದ ಬೆಲೆ ಹಿಡಿಯಬೇಕೇ, ವಾರದ್ದೇ, ತಿಂಗಳದ್ದೇ ಎಂಬುದಕ್ಕೆ ಮಾದರಿಯಲ್ಲಿ ಉತ್ತರವಿಲ್ಲ. ಆದ್ದರಿಂದ ಒಂದೇ ಕಂಪನಿಗೆ ಮೂರನ್ನೂ ಮಾಡಿ ನೋಡಿದೆ.

ಕಂಪನಿಯ ಹೆಸರು ಇಲ್ಲಿ ಬೇಡ. ಅದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾದ, ಪಂಪು ಮತ್ತು ವಾಲ್ವ್‌ಗಳನ್ನು ತಯಾರಿಸುವ ಸಣ್ಣ ಗಾತ್ರದ ಸಂಸ್ಥೆ. ಪ್ರವರ್ತಕರ ಕೈಯಲ್ಲೇ ಹೆಚ್ಚಿನ ಷೇರುಗಳಿರುವುದರಿಂದ ದಿನದ ವಹಿವಾಟು ತೆಳುವಾಗಿರುತ್ತದೆ. ಲೆಕ್ಕದ ದಿನಾಂಕ ಮಾರ್ಚ್ 2024ರ ಕೊನೆ. ಅಪಾಯರಹಿತ ದರಕ್ಕೆ ಆಗಿನ ಹತ್ತು ವರ್ಷದ ಸರ್ಕಾರಿ ಬಾಂಡಿನ ಇಳುವರಿಯನ್ನು, ಸುಮಾರು ಶೇಕಡ 7.1 ಎಂದು, ತೆಗೆದುಕೊಂಡೆ. ರಿಸ್ಕ್ ಪ್ರೀಮಿಯಂ ಶೇಕಡ 6.5 ಎಂಬುದು ನನ್ನ ಊಹೆ. ಹೋಲಿಕೆಯುದ್ದಕ್ಕೂ ಅದನ್ನು ಬದಲಿಸಿಲ್ಲ. ಸೂಚ್ಯಂಕವಾಗಿ ನಿಫ್ಟಿ 500 ಬಳಸಿದೆ, ಏಕೆಂದರೆ ನಿಫ್ಟಿ 50ರಲ್ಲಿ ಬ್ಯಾಂಕುಗಳು ಮತ್ತು ಕೆಲವೇ ದೊಡ್ಡ ಸಂಸ್ಥೆಗಳ ತೂಕವೇ ಹೆಚ್ಚು, ಇಡೀ ಮಾರುಕಟ್ಟೆ ಎಂದು ಮಾದರಿ ಹೇಳುವುದಕ್ಕೆ ವಿಸ್ತಾರವಾದ ಸೂಚ್ಯಂಕವೇ ಹತ್ತಿರ.

ಎಕ್ಸೆಲ್‌ನಲ್ಲಿ ಕೆಲಸ ಕಷ್ಟವಲ್ಲ. ಬೆಲೆಗಳನ್ನಲ್ಲ, ಬೆಲೆಯ ಶೇಕಡಾವಾರು ಬದಲಾವಣೆಗಳನ್ನು ಎರಡು ಸಾಲುಗಳಲ್ಲಿ ಇಡಬೇಕು: B ಸಾಲಿನಲ್ಲಿ ಸೂಚ್ಯಂಕ, C ಸಾಲಿನಲ್ಲಿ ಷೇರು.

```
=SLOPE(C3:C62, B3:B62)
=LINEST(C3:C62, B3:B62, TRUE, TRUE)
```

SLOPE ಕೇವಲ ಬೀಟಾ ಕೊಡುತ್ತದೆ. LINEST ಕೊಡುವ ಕೋಷ್ಟಕದಲ್ಲಿ ಬೀಟಾದ ಕೆಳಗಿನ ಕೋಶದಲ್ಲೇ ಅದರ ಸ್ಟ್ಯಾಂಡರ್ಡ್ ಎರರ್ ಇರುತ್ತದೆ, ಹಾಗಾಗಿ ಎರಡನೆಯದೇ ಮೇಲು. ಷೇರು ಮೊದಲು, ಸೂಚ್ಯಂಕ ನಂತರ ಎಂಬ ಕ್ರಮ ತಪ್ಪಬಾರದು. ಅದಲುಬದಲಾದರೂ ಎಕ್ಸೆಲ್ ದೂರುವುದಿಲ್ಲ, ನಂಬುವಂಥ ಬೇರೊಂದು ಸಂಖ್ಯೆಯನ್ನು ಕೊಟ್ಟು ಸುಮ್ಮನಿರುತ್ತದೆ. ಎರಡೂ ಕ್ರಮಗಳ ಇಳಿಜಾರುಗಳನ್ನು ಗುಣಿಸಿದರೆ ಆರ್-ಸ್ಕ್ವೇರ್ ಬರಬೇಕು ಎಂಬುದು ಪರೀಕ್ಷೆಗೆ ಸುಲಭ ದಾರಿ. ಬೋನಸ್ ಷೇರು ಅಥವಾ ಮುಖಬೆಲೆಯ ವಿಭಜನೆಗೆ ಹೊಂದಿಸದ ಬೆಲೆಗಳನ್ನು ಹಾಕಿದರೂ ಇಂಥದೇ ಮೌನ. ಒಂದಕ್ಕೊಂದು ಬೋನಸ್ ಕೊಟ್ಟ ದಿನ ಷೇರು ಅರ್ಧಕ್ಕೆ ಕುಸಿದಂತೆ ಕಾಣುತ್ತದೆ, ಆದರೆ ಯಾರ ಹಣವೂ ಹೋಗಿರುವುದಿಲ್ಲ. ಚುಕ್ಕಿಚಿತ್ರ ಬಿಡಿಸಿದರೆ ಆ ಒಂದು ಚುಕ್ಕಿ ಗುಂಪಿನಿಂದ ಬಹಳ ಕೆಳಗೆ ಒಂಟಿಯಾಗಿ ನಿಂತಿರುತ್ತದೆ. ರಿಗ್ರೆಷನ್‌ಗೆ ಮುನ್ನ ಆ ಚಿತ್ರವನ್ನು ನೋಡದೆ ನಾನು ಮುಂದೆ ಹೋಗುವುದಿಲ್ಲ.

ಮೂರು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟಾಗ ಹೀಗೆ ಕಂಡಿತು.

| ಅವಧಿ | ಬೀಟಾ | ಸ್ಟ್ಯಾಂಡರ್ಡ್ ಎರರ್ | ಆರ್-ಸ್ಕ್ವೇರ್ | ಈಕ್ವಿಟಿ ವೆಚ್ಚ (%) |
|---|---|---|---|---|
| 2 ವರ್ಷ, ದಿನ | 0.52 | 0.07 | 0.10 | 10.5 |
| 2 ವರ್ಷ, ವಾರ | 0.81 | 0.18 | 0.17 | 12.4 |
| 5 ವರ್ಷ, ತಿಂಗಳು | 1.24 | 0.27 | 0.27 | 15.2 |

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಮೌಲ್ಯಕ್ಕೆ ಬಂದಾಗ ತಿಳಿಯುತ್ತದೆ. ಮುಂದಿನ ವರ್ಷ ಷೇರುದಾರರಿಗೆ ಉಳಿಯುವ ನಗದು 10 ಕೋಟಿ ರೂಪಾಯಿ, ಅದು ಪ್ರತಿವರ್ಷ ಶೇಕಡ 5ರಂತೆ ಬೆಳೆಯುತ್ತದೆ ಎಂದುಕೊಂಡರೆ, ದಿನದ ಬೀಟಾ ಪ್ರಕಾರ ಷೇರುಗಳ ಒಟ್ಟು ಮೌಲ್ಯ ಸುಮಾರು 182 ಕೋಟಿ, ತಿಂಗಳ ಬೀಟಾ ಪ್ರಕಾರ ಸುಮಾರು 98 ಕೋಟಿ. ವ್ಯವಹಾರ ಅದೇ, ನಗದು ಅದೇ. ಯಾವ ಬೆಲೆಪಟ್ಟಿಯನ್ನು ಇಳಿಸಿಕೊಂಡೆವು ಎಂಬುದಷ್ಟೇ ಬೇರೆ.

ಮೊದಲ ನೋಟಕ್ಕೆ ದಿನದ ರಿಗ್ರೆಷನ್ನೇ ಎಲ್ಲಕ್ಕಿಂತ ನಿಖರವೆಂದು ತೋರುತ್ತದೆ. ಸುಮಾರು 490 ದಿನಗಳ ಮಾಹಿತಿ ಇರುವುದರಿಂದ ಅದರ ಸ್ಟ್ಯಾಂಡರ್ಡ್ ಎರರ್ ಅತಿ ಚಿಕ್ಕದು. ಆದರೆ ಸ್ಟ್ಯಾಂಡರ್ಡ್ ಎರರ್ ಹೇಳುವುದು ಅಂದಾಜು ಎಷ್ಟು ಚದುರಬಹುದು ಎಂಬುದನ್ನು ಮಾತ್ರ, ಅದು ಒಂದೇ ಕಡೆಗೆ ವಾಲಿದೆಯೇ ಎಂಬುದನ್ನಲ್ಲ. ತೆಳು ವಹಿವಾಟಿನ ಷೇರಿನಲ್ಲಿ ವಾಲುವಿಕೆ ಖಚಿತ: ಸೋಮವಾರ ಮಧ್ಯಾಹ್ನ ಮಾರುಕಟ್ಟೆ ಬಿದ್ದರೂ ನಮ್ಮ ಷೇರಿನ ಕೊನೆಯ ವಹಿವಾಟು ಬೆಳಿಗ್ಗೆಯೇ ಮುಗಿದಿದ್ದರೆ ಆ ಕುಸಿತ ನಮ್ಮ ಸಾಲಿನಲ್ಲಿ ಮಂಗಳವಾರ ದಾಖಲಾಗುತ್ತದೆ. ಸೂಚ್ಯಂಕ ಅಲುಗಾಡಿದ ದಿನ ಷೇರು ಸುಮ್ಮನಿದ್ದಂತೆ ಲೆಕ್ಕವಾಗುತ್ತದೆ, ಬೀಟಾ ಕುಗ್ಗುತ್ತದೆ.

ಇದು ಊಹೆಯೋ ನಿಜವೋ ಎಂದು ತಿಳಿಯಲು ಎರಡು ಗುರುತುಗಳಿವೆ. ಬೆಲೆಯ ಬದಲಾವಣೆ ಸೊನ್ನೆಯಾಗಿರುವ ದಿನಗಳು ಪಟ್ಟಿಯಲ್ಲಿ ಎಷ್ಟಿವೆ ಎಂದು ನೋಡುವುದು ಒಂದು. ಇನ್ನೊಂದು, ಡಿಮ್ಸನ್ 1979ರಲ್ಲಿ ಸೂಚಿಸಿದ ವಿಧಾನ: ಸೂಚ್ಯಂಕದ ಆ ದಿನದ ಬದಲಾವಣೆಯ ಜೊತೆಗೆ ಹಿಂದಿನ ದಿನಗಳ ಬದಲಾವಣೆಗಳನ್ನೂ ಪಕ್ಕದ ಸಾಲುಗಳಲ್ಲಿ ಇಟ್ಟು ಒಟ್ಟಿಗೆ ರಿಗ್ರೆಷನ್ ಮಾಡಿ, ಬಂದ ಗುಣಾಂಕಗಳನ್ನು ಕೂಡುವುದು. ಆ ದಿನಕ್ಕೆ 0.50, ಹಿಂದಿನ ದಿನಕ್ಕೆ 0.23, ಅದರ ಹಿಂದಿನ ದಿನಕ್ಕೆ 0.11 ಬಂತು; ಮೊತ್ತ 0.84. ಬೀಟಾದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಡವಾಗಿ ಬರುತ್ತಿತ್ತು. ಚುರುಕಾಗಿ ವಹಿವಾಟಾಗುವ ದೊಡ್ಡ ಷೇರಿನಲ್ಲಿ ಹಿಂದಿನ ದಿನಗಳ ಗುಣಾಂಕಗಳು ಸೊನ್ನೆಯ ಹತ್ತಿರ ಇರುತ್ತವೆ, ಅಲ್ಲಿ ದಿನದ ಬೆಲೆ ಬಳಸಲು ನನಗೆ ಅಭ್ಯಂತರವಿಲ್ಲ.

ಅಂಕಿಅಂಶವೇ ಬೇಡವೆನ್ನುವವರಿಗೂ 10.5 ಸಂಶಯ ಹುಟ್ಟಿಸಬೇಕು. ಅದೇ ಕಂಪನಿ ಬ್ಯಾಂಕಿನಿಂದ ಪಡೆದ ಸಾಲದ ಬಡ್ಡಿ ಶೇಕಡ 10.25 ಇತ್ತು. ಅಡಮಾನ ಇಟ್ಟುಕೊಂಡು, ಮೊದಲ ಹಕ್ಕು ಪಡೆದು ಸಾಲ ಕೊಟ್ಟವನಿಗೂ ಎಲ್ಲರಿಗಿಂತ ಕೊನೆಯಲ್ಲಿ ಉಳಿದದ್ದನ್ನು ಪಡೆಯುವ ಷೇರುದಾರನಿಗೂ ಹೆಚ್ಚುಕಡಿಮೆ ಒಂದೇ ಪ್ರತಿಫಲ ಸಾಕು ಎಂದರೆ ಯಾರೂ ಒಪ್ಪಲಾರರು.

ತಿಂಗಳ ರಿಗ್ರೆಷನ್‌ನಲ್ಲಿ ಈ ತೊಂದರೆ ಇಲ್ಲ. ಒಂದೆರಡು ದಿನದ ತಡ ತಿಂಗಳೊಳಗೆ ಕರಗಿಹೋಗುತ್ತದೆ. ಅದರ ರೋಗವೇ ಬೇರೆ. 60 ಚುಕ್ಕಿಗಳಲ್ಲಿ ಎರಡು ಚುಕ್ಕಿಗಳು ರೇಖೆಯನ್ನು ಎಳೆದು ನಿಲ್ಲಿಸುತ್ತವೆ: ಕೋವಿಡ್ ಭೀತಿಯಲ್ಲಿ ನಿಫ್ಟಿ ಸುಮಾರು ಶೇಕಡ 23ರಷ್ಟು ಕುಸಿದ ಮಾರ್ಚ್ 2020, ಸುಮಾರು ಶೇಕಡ 15ರಷ್ಟು ಚೇತರಿಸಿದ ಏಪ್ರಿಲ್ 2020. ನಮ್ಮ ಷೇರು ಮಾರ್ಚ್‌ನಲ್ಲಿ ಶೇಕಡ 36 ಬಿದ್ದಿತ್ತು. ಸರಾಸರಿಯಿಂದ ದೂರವಿರುವ ಚುಕ್ಕಿಗೆ ರಿಗ್ರೆಷನ್ ದೂರದ ವರ್ಗದಷ್ಟು ತೂಕ ಕೊಡುವುದರಿಂದ, ಈ ಎರಡನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿದಾಗ ಬೀಟಾ 1.24ರಿಂದ 0.97ಕ್ಕೆ ಇಳಿಯಿತು, ಸ್ಟ್ಯಾಂಡರ್ಡ್ ಎರರ್ 0.33ಕ್ಕೆ ಏರಿತು. ಆ ತಿಂಗಳುಗಳನ್ನು ಕಿತ್ತುಹಾಕುವುದೇ ಸರಿ ಎಂದು ನಾನು ಹೇಳುತ್ತಿಲ್ಲ; ಮಾರುಕಟ್ಟೆ ಕುಸಿದಾಗ ಷೇರು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಅಪಾಯದ ನಿಜವಾದ ಮಾಹಿತಿ. ಆದರೆ ಅರವತ್ತರಲ್ಲಿ ಎರಡು ತಿಂಗಳುಗಳು ಲೆಕ್ಕದಿಂದ ಹೊರಗುಳಿದ ಮಾತ್ರಕ್ಕೆ ಇಷ್ಟು ಬದಲಾಗುವ ಸಂಖ್ಯೆಯನ್ನು ಕಂಪನಿಯ ಗುಣ ಎಂದು ಕರೆಯುವುದು ಕಷ್ಟ. ಆ ತಿಂಗಳುಗಳನ್ನು ಸೇರಿಸಿಕೊಂಡರೂ, ಎರಡು ಸ್ಟ್ಯಾಂಡರ್ಡ್ ಎರರ್ ಆಚೀಚೆ ಹಿಡಿದರೆ ಬೀಟಾ 0.70ರಿಂದ 1.78ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಅಂದರೆ ಈಕ್ವಿಟಿ ವೆಚ್ಚ ಶೇಕಡ 11.7ರಿಂದ 18.7. ಇಂಥ ಉತ್ತರದಲ್ಲಿ ಎರಡನೆಯ ದಶಮಾಂಶ ಬರೆಯುವುದು ಶೃಂಗಾರ ಮಾತ್ರ.

ವಾರದ ರಿಗ್ರೆಷನ್ ನಡುವೆ ನಿಲ್ಲುತ್ತದೆ, ಮತ್ತು ಡಿಮ್ಸನ್ ಮೊತ್ತವಾದ 0.84ಕ್ಕೆ ಹತ್ತಿರ ಬರುವುದರಿಂದ ನನ್ನ ಒಲವು ಅದರ ಕಡೆಗೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮೇಲಿನ 0.81 ಶುಕ್ರವಾರದಿಂದ ಶುಕ್ರವಾರಕ್ಕೆ ಲೆಕ್ಕ ಹಾಕಿದ್ದು. ಬುಧವಾರದಿಂದ ಬುಧವಾರಕ್ಕೆ ಹಾಕಿದಾಗ 0.93 ಬಂತು. ವಾರ ಯಾವ ದಿನ ಮುಗಿಯುತ್ತದೆ ಎಂಬುದಕ್ಕೂ ಕಂಪನಿಯ ಅಪಾಯಕ್ಕೂ ಸಂಬಂಧವಿಲ್ಲವಾದ್ದರಿಂದ ಐದೂ ದಿನಗಳಿಗೆ ಮಾಡಿ ಸರಾಸರಿ ತೆಗೆಯುವುದು ಒಳ್ಳೆಯದು.

ಬಂದ ಬೀಟಾವನ್ನು 1ರ ಕಡೆಗೆ ಎಳೆಯುವ ಬ್ಲೂಮ್ ತಿದ್ದುಪಡಿಯನ್ನೂ ಪ್ರಯತ್ನಿಸಿದೆ: ಮೂರನೇ ಎರಡು ಭಾಗ ಲೆಕ್ಕದ ಬೀಟಾ, ಮೂರನೇ ಒಂದು ಭಾಗ 1. ಬ್ಲೂಮ್‌ಬರ್ಗ್ ಪರದೆಯಲ್ಲಿ ಕಾಣುವ ಹೊಂದಿಸಿದ ಬೀಟಾ ಇದೇ. ದಿನದ್ದು 0.68, ತಿಂಗಳದ್ದು 1.16 ಆಗಿ, ವೆಚ್ಚಗಳ ನಡುವಿನ ಅಂತರ ಶೇಕಡಾ 4.7 ಅಂಶದಿಂದ 3.1ಕ್ಕೆ ಇಳಿಯಿತು. ಬೀಟಾ ಏಕೆ ತಪ್ಪಾಗಿದೆ ಎಂಬುದನ್ನು ಈ ತಿದ್ದುಪಡಿ ಕೇಳುವುದೇ ಇಲ್ಲ. ತಡದ ವಹಿವಾಟಿಗೂ ಕೋವಿಡ್ ತಿಂಗಳಿಗೂ ಒಂದೇ ಔಷಧ.

ಕೊನೆಗೆ ಕಂಪನಿಯ ಸ್ವಂತ ರಿಗ್ರೆಷನ್ನನ್ನು ಬದಿಗಿಟ್ಟು, ಅದೇ ಉದ್ಯಮದ ಆರು ನೋಂದಾಯಿತ ಕಂಪನಿಗಳ ವಾರದ ಬೀಟಾಗಳನ್ನು ತೆಗೆದೆ. ಪ್ರತಿಯೊಂದರಿಂದ ಸಾಲದ ಪ್ರಭಾವವನ್ನು ಕಳೆದು ಸರಾಸರಿ ಮಾಡಿ, ನಮ್ಮ ಕಂಪನಿಯ ಸಾಲಕ್ಕೆ ತಕ್ಕಂತೆ ಮತ್ತೆ ಸೇರಿಸಬೇಕು.

```
βu = β / (1 + (1 − t) × D/E)
0.86 × (1 + (1 − 0.2517) × 0.20) = 0.99
```

ಸಾಲ ಕಳೆದ ಸರಾಸರಿ 0.86, ತೆರಿಗೆ ದರ ಶೇಕಡ 25.17, ನಮ್ಮ ಕಂಪನಿಯ ಸಾಲ ಷೇರುಗಳ ಮಾರುಕಟ್ಟೆ ಮೌಲ್ಯದ ಐದನೇ ಒಂದು ಭಾಗ. ಪುಸ್ತಕ ಮೌಲ್ಯ ಹಾಕಿದರೆ ಈ ಅನುಪಾತ ಉಬ್ಬುತ್ತದೆ, ಹಾಗಾಗಿ D/E ಮಾರುಕಟ್ಟೆ ಮೌಲ್ಯದಲ್ಲೇ ಇರಬೇಕು. ಬೀಟಾ 0.99 ಎಂದರೆ ಈಕ್ವಿಟಿ ವೆಚ್ಚ ಶೇಕಡ 13.5. ಆರು ಅಂದಾಜುಗಳ ತಪ್ಪುಗಳು ಪರಸ್ಪರ ಸಂಬಂಧವಿಲ್ಲದವಾಗಿದ್ದರೆ ಸರಾಸರಿಯ ತಪ್ಪು 0.18ರಿಂದ ಸುಮಾರು 0.07ಕ್ಕೆ ಇಳಿಯುತ್ತದೆ, ಒಂದೇ ಉದ್ಯಮದವು ಕೂಡಿಯೇ ಏರಿಳಿಯುವುದರಿಂದ ವಾಸ್ತವದಲ್ಲಿ ಲಾಭ ಅದಕ್ಕಿಂತ ಕಡಿಮೆ. ದಿನದ ರಿಗ್ರೆಷನ್‌ನಂತೆ ಇದೂ ಚಿಕ್ಕ ತಪ್ಪನ್ನು ತೋರಿಸುತ್ತದೆ, ಆದರೆ ಆರರಲ್ಲಿ ಹೆಚ್ಚಿನವು ಚೆನ್ನಾಗಿ ವಹಿವಾಟಾಗುವ ಷೇರುಗಳಾದ್ದರಿಂದ ಇಲ್ಲಿ ವಾಲುವಿಕೆಯ ಭಯ ಕಡಿಮೆ.

ವರದಿಯಲ್ಲಿ ನಾನು 13.5 ಬಳಸಿ, ಸ್ವಂತ ವಾರದ ರಿಗ್ರೆಷನ್‌ನ 12.4 ಅನ್ನು ಪಕ್ಕದಲ್ಲೇ ತೋರಿಸಿದೆ. ಹೋಲಿಕೆಗೆ ಆರು ಕಂಪನಿಗಳು ಸಿಗದ ಉದ್ಯಮವಾಗಿದ್ದರೆ, ಅಥವಾ ಸಿಕ್ಕವುಗಳಲ್ಲಿ ಅರ್ಧ ಬೇರೆ ವ್ಯವಹಾರಗಳಿಂದ ಆದಾಯ ಪಡೆಯುವಂಥವಾಗಿದ್ದರೆ, ವಾರದ ರಿಗ್ರೆಷನ್ ಮುಖ್ಯ ಅಂಕಿಯಾಗುತ್ತಿತ್ತು, ಉದ್ಯಮದ ಸರಾಸರಿ ಪಕ್ಕದ ಅಂಕಿಯಾಗುತ್ತಿತ್ತು.